ಶನಿವಾರ ರಾತ್ರಿಯ ಪಾಳಿ

ಹಾಸಿಗೆ ಹಿಡಿದ ತಾಯಿಯನ್ನು ಮನೆಯಲ್ಲಿಯೇ ನೋಡಿಕೊಳ್ಳುವ ಮಗಳಿಗೆ ಯಾವ ಸಹಾಯ ಬೇಕು ಎಂದು ಕೇಳಿದರೆ ಹೆಚ್ಚಿನವರು ಊಟದ ಡಬ್ಬಿ, ಹಣ್ಣು, ಫೋನಿನಲ್ಲಿ ನಾಲ್ಕು ಸಮಾಧಾನದ ಮಾತು ಎಂದು ಹೇಳುತ್ತಾರೆ. ಇವೆಲ್ಲ ಬೇಡವೆಂದಲ್ಲ. ಆದರೆ ಅಂಥ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹಾಳಾಗುವುದು ರಾತ್ರಿಯ ನಿದ್ರೆ, ಮತ್ತು ಅದನ್ನು ಡಬ್ಬಿಯಲ್ಲಿ ತುಂಬಿ ಕಳಿಸಲು ಬರುವುದಿಲ್ಲ. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿರುವ ನನ್ನ ಗೆಳತಿಯ ವಿಷಯದಲ್ಲಿ ನಾನು ನೋಡಿದ್ದು ಮತ್ತು ಮಾಡಿದ್ದು ಇದರ ಸುತ್ತಲೇ ಇರುವುದರಿಂದ, ಈ ಬರಹದಲ್ಲಿ ಬೇರೆ ಸಹಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಅವಳ ತಾಯಿಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತು, ಅದರೊಡನೆ ಮಾತೂ ಹೋಯಿತು. ನುಂಗುವ ಶಕ್ತಿ ಕುಂದಿದ್ದರಿಂದ ಆಸ್ಪತ್ರೆಯಿಂದ ಮನೆಗೆ ಬರುವಾಗ ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ಇತ್ತು. ಗೆಳತಿ ಮುಂಬಯಿಯ ಕೋಟೆ ಪ್ರದೇಶದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಫಾಸ್ಟ್ ಲೋಕಲ್ ಸಿಕ್ಕರೂ ಹೋಗಲು ಒಂದು ಗಂಟೆಗೂ ಮೇಲೆ, ಬರಲು ಮತ್ತೆ ಅಷ್ಟೇ. ಹಗಲಿಗೆ, ರೋಗಿಗಳನ್ನು ನೋಡಿಕೊಳ್ಳುವವರನ್ನು ಒದಗಿಸುವ ಬ್ಯೂರೋದವರು ಕಳಿಸಿದ ಮಾವಶಿ, ಅಂದರೆ ಆರೈಕೆಯ ಹೆಂಗಸು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರುತ್ತಿದ್ದರು. ಎಂಟರ ನಂತರ ಎಲ್ಲವೂ ಗೆಳತಿಯದೇ. ಅಣ್ಣ ಬೆಂಗಳೂರಿನಲ್ಲಿದ್ದು ಹಣ ಕಳಿಸುತ್ತಿದ್ದ, ಫೋನ್ ಮಾಡುತ್ತಿದ್ದ, ರಾತ್ರಿಗಳ ಲೆಕ್ಕ ಅವನಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅವಳು ಹೇಳಿದ ಮಾತು ನನಗೆ ದಾರಿ ತೋರಿಸಿತು. “ಎಲ್ಲಾರೂ ಏನರೆ ಬೇಕಾದ್ರ ಹೇಳು ಅಂತಾರ. ಏನು ಬೇಕು ಅಂತ ವಿಚಾರ ಮಾಡೋದೂ ಈಗ ನನ್ನ ಕೆಲಸಾನ ಆಗೇದ.” ದಣಿದವರ ಮುಂದೆ ತೆರೆದ ಪ್ರಶ್ನೆಯನ್ನು ಇಟ್ಟರೆ, ಯಾರಿಗೆ ಏನು ಒಪ್ಪಿಸಬಹುದು, ಅವರಿಗೆ ಅದು ಬರುತ್ತದೆಯೇ, ತಪ್ಪಿದರೆ ಏನು ಗತಿ ಎಂಬುದನ್ನೆಲ್ಲ ಅವರೇ ಯೋಚಿಸಿ, ಆಮೇಲೆ ಸಂಕೋಚ ಬಿಟ್ಟು ಬಾಯಿ ತೆರೆಯಬೇಕಾಗುತ್ತದೆ. ಆದ್ದರಿಂದ ನಾನು ಅವಳನ್ನು ಹೇಗಿದ್ದೀ ಎಂದು ಕೇಳದೆ, ನಿನ್ನೆ ರಾತ್ರಿ ಯಾವ ಯಾವ ಹೊತ್ತಿಗೆ ಎದ್ದೆ ಎಂದು ಕೇಳಿದೆ. ಇದಕ್ಕೆ ಉತ್ತರ ಹೇಳುವುದು ಸುಲಭ. ಅವಳು ಹೇಳುತ್ತಾ ಹೋದಂತೆ ಒಂದು ಹಾಳೆಯ ಮೇಲೆ ಬರೆದುಕೊಂಡೆ.

ಆ ಹಾಳೆ ಹೀಗಿತ್ತು. ಹತ್ತು ಗಂಟೆಗೆ ಟ್ಯೂಬಿನಲ್ಲಿ ಕೊನೆಯ ಆಹಾರ. ಹನ್ನೊಂದಕ್ಕೆ ಮಗ್ಗುಲು ಬದಲಿಸುವುದು, ಆಮೇಲೆ ಒಂದಕ್ಕೆ, ಮೂರಕ್ಕೆ, ಐದಕ್ಕೆ. ಒಂದಕ್ಕೋ ಮೂರಕ್ಕೋ ಡೈಪರ್. ಆರಕ್ಕೆ ಮತ್ತೆ ಆಹಾರ, ಗುಳಿಗೆ. ಏಳೂವರೆಗೆ ಸ್ನಾನ ಮುಗಿಸಿ ತಯಾರಾಗಿ ಮಾವಶಿಯ ದಾರಿ ಕಾಯುವುದು. ನಡುವೆ ತಾಯಿ ಕೆಮ್ಮಿದರೆ, ನರಳಿದರೆ ಮತ್ತೆ ಏಳುವುದು. ನಿದ್ರೆಯ ಒಂದು ಸುತ್ತು ಸುಮಾರು ತೊಂಬತ್ತು ನಿಮಿಷದ್ದು. ಎರಡು ಗಂಟೆಗೊಮ್ಮೆ ಎದ್ದು, ಕೆಲಸ ಮುಗಿಸಿ, ಮತ್ತೆ ಕಣ್ಣು ಹತ್ತುವ ಹೊತ್ತನ್ನು ಕಳೆದರೆ ಉಳಿಯುವುದು ಬಹಳವೆಂದರೆ ಒಂದು ಸುತ್ತು, ಎಷ್ಟೋ ಸಲ ಅದೂ ಇಲ್ಲ. ಒಟ್ಟು ಐದು ಗಂಟೆ ಮಲಗಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು. ಹಾಗೆ ತುಂಡಾದ ಐದು ಗಂಟೆಗಳು ಒಂದೇ ಪಟ್ಟಿನ ಐದು ಗಂಟೆಗಳಿಗೆ ಸಮವಲ್ಲ. ಅದರ ಗುರುತುಗಳು ಆಗಲೇ ಕಾಣುತ್ತಿದ್ದವು: ರಕ್ತದೊತ್ತಡದ ಗುಳಿಗೆ ಕೊಟ್ಟೆನೋ ಇಲ್ಲವೋ ಎಂದು ಎರಡೆರಡು ಸಲ ಡಬ್ಬಿ ತೆರೆದು ನೋಡುತ್ತಿದ್ದಳು, ಲೋಕಲಿನಲ್ಲಿ ನಿಂತಲ್ಲಿಯೇ ಜೋಂಪು ಹತ್ತಿ ಠಾಣೆ ದಾಟಿದ್ದು ತಿಳಿಯುತ್ತಿರಲಿಲ್ಲ, ಹಗಲಿನ ಮಾವಶಿಯ ಮೇಲೆ ಕಾರಣವಿಲ್ಲದೆ ಸಿಡುಕುತ್ತಿದ್ದಳು.

ಹಾಳೆಯನ್ನು ನೋಡಿದ ಮೇಲೆ ಕೇಳಬೇಕಾದ್ದು ಉಳಿದಿರಲಿಲ್ಲ. ಶನಿವಾರ ರಾತ್ರಿ ಒಂಬತ್ತೂವರೆಯಿಂದ ಭಾನುವಾರ ಬೆಳಿಗ್ಗೆ ಏಳೂವರೆಯವರೆಗೆ ನಾನು ಇರುತ್ತೇನೆ, ಪ್ರತಿ ವಾರ ಇರುತ್ತೇನೆ, ಅದಕ್ಕೂ ಮೊದಲು ಎರಡು ಸಂಜೆ ಬಂದು ನಿನ್ನಿಂದ ಕಲಿತುಕೊಳ್ಳುತ್ತೇನೆ ಎಂದು ಹೇಳಿದೆ. ದಿನ, ಹೊತ್ತು, ಕೆಲಸ ಮೂರೂ ಮಾತಿನಲ್ಲಿ ಇದ್ದುದರಿಂದ ಅವಳು ಬೇಕು ಅಥವಾ ಬೇಡ ಎಂದಷ್ಟೇ ಹೇಳಬೇಕಾಗಿತ್ತು. ಮೊದಲು ಬೇಡವೆಂದಳು, ಮರುದಿನ ಫೋನ್ ಮಾಡಿ ಬಾ ಎಂದಳು.

ಕಲಿಯುವ ಭಾಗವನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಬಂದವರಿಗೆ ಕೆಲಸ ಬರುವುದಿಲ್ಲವೆಂಬ ಅನುಮಾನ ಇದ್ದರೆ ನೋಡಿಕೊಳ್ಳುವವರು ಮಲಗುವುದಿಲ್ಲ. ಮಗ್ಗುಲು ಬದಲಿಸುವುದನ್ನೇ ತೆಗೆದುಕೊಳ್ಳೋಣ. ಒಂದೇ ಕಡೆ ಹೊತ್ತುಗಟ್ಟಲೆ ಮಲಗಿದರೆ ಮೂಳೆ ಚಾಚಿದ ಜಾಗಗಳಲ್ಲಿ, ಅಂದರೆ ಸೊಂಟದ ಹಿಂಬದಿ, ತೊಡೆಯ ಹೊರ ಮೂಳೆ, ಹಿಮ್ಮಡಿಗಳಲ್ಲಿ ರಕ್ತಸಂಚಾರ ಕುಗ್ಗಿ ಹುಣ್ಣಾಗುತ್ತದೆ; ಎರಡು ಗಂಟೆಗೊಮ್ಮೆ ತಿರುಗಿಸುವ ರೂಢಿ ಬಂದದ್ದು ಇದಕ್ಕಾಗಿ. ರೋಗಿಯ ಕೆಳಗೆ ಹೆಗಲಿನಿಂದ ತೊಡೆಯವರೆಗೆ ಬರುವಂತೆ ಮಡಿಸಿದ ಒಂದು ಚಾದರ ಸದಾ ಇರಬೇಕು. ಮೈಯನ್ನು ಎಳೆಯದೆ ಆ ಚಾದರವನ್ನು ಹಿಡಿದೆತ್ತಿ ಸರಿಸಬೇಕು, ಏಕೆಂದರೆ ಎಳೆದಾಗ ಹಾಸಿಗೆಗೆ ಉಜ್ಜಿ ಕೀಳುವ ಚರ್ಮವೇ ಮೊದಲು ಹುಣ್ಣಾಗುವುದು. ಆಮೇಲೆ ಆಚೆಯ ಮೊಣಕಾಲನ್ನು ಮಡಚಿ, ಹೆಗಲು ಮತ್ತು ಸೊಂಟದ ಮೇಲೆ ಕೈಯಿಟ್ಟು ನಮ್ಮ ಕಡೆಗೆ ಉರುಳಿಸಬೇಕು. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯಲೇಬಾರದು. ಲಕ್ವದ ನಂತರ ಹೆಗಲಿನ ಕೀಲು ಸಡಿಲವಾಗಿರುತ್ತದೆ, ಒಂದೇ ಜಗ್ಗಿಗೆ ಅದು ಜಾರಿ ತಿಂಗಳುಗಟ್ಟಲೆ ನೋಯಬಹುದು. ಪೂರ್ತಿ ಪಕ್ಕಕ್ಕೆ ತಿರುಗಿಸದೆ ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಮಲಗಿಸಿ, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟು, ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಕಣಕಾಲಿನ ಕೆಳಗೆ ಮೆತ್ತನೆಯ ಆಸರೆ ಕೊಡಬೇಕು.

ತಿರುಗಿಸಿದಾಗಲೆಲ್ಲ ಅಲ್ಲಿಯವರೆಗೆ ಒತ್ತಿದ್ದ ಜಾಗವನ್ನು ಟಾರ್ಚ್ ಹಿಡಿದು ನೋಡಬೇಕು. ಕೆಂಪಾಗಿದ್ದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಬಣ್ಣ ಬಂದರೆ ಸದ್ಯಕ್ಕೆ ಚಿಂತೆಯಿಲ್ಲ. ಒತ್ತಿದರೂ ಬಿಳಿಚದಿದ್ದರೆ ಅದು ಹುಣ್ಣಿನ ಮೊದಲ ಹಂತ. ನಮ್ಮ ಕಂದು ಮೈಬಣ್ಣದಲ್ಲಿ ಈ ಕೆಂಪು ಕಾಣದೇ ಹೋಗಬಹುದು. ಆದ್ದರಿಂದ ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಕಪ್ಪುನೇರಳೆಗೆ ತಿರುಗಿದೆಯೇ ಎಂದು ಮುಟ್ಟಿ ನೋಡುವುದೇ ಹೆಚ್ಚು ನಂಬಿಕೆಯ ಪರೀಕ್ಷೆ. ಹೀಗೆ ಕಂಡರೆ ಆ ಮಗ್ಗುಲಿಗೆ ಮತ್ತೆ ಮಲಗಿಸದೆ, ಉಜ್ಜದೆ, ಬೆಳಿಗ್ಗೆ ಹೇಳಬೇಕು. ಉಜ್ಜಿದರೆ ರಕ್ತ ಓಡಾಡುತ್ತದೆ ಎಂದು ಎಣ್ಣೆ ತಿಕ್ಕುವ ಹಳೆಯ ಅಭ್ಯಾಸ ಇಂಥ ಜಾಗದಲ್ಲಿ ಕೇಡನ್ನೇ ಮಾಡುತ್ತದೆ.

ಆಹಾರ ಕೊಡುವುದು ಇನ್ನೊಂದು. ತಲೆಯ ಭಾಗ ಮೂವತ್ತರಿಂದ ನಲವತ್ತೈದು ಡಿಗ್ರಿ ಎತ್ತರದಲ್ಲಿರಬೇಕು. ಟ್ಯೂಬಿನ ಮೇಲೆ ಸೆಂಟಿಮೀಟರ್ ಗುರುತುಗಳಿರುತ್ತವೆ. ಮೂಗಿನ ಹೊಳ್ಳೆಯ ಬಳಿ ಯಾವ ಗುರುತು ಇರಬೇಕೆಂದು ನರ್ಸ್ ಬರೆದುಕೊಟ್ಟಿರುತ್ತಾರೆ, ಅದು ಹೊರಕ್ಕೆ ಸರಿದಿದ್ದರೆ ಟ್ಯೂಬಿನ ತುದಿ ಹೊಟ್ಟೆಯಲ್ಲಿ ಇಲ್ಲದಿರಬಹುದು, ಆಗ ಏನನ್ನೂ ಹಾಕಕೂಡದು. ಐವತ್ತು ಮಿಲಿಲೀಟರ್ ಸಿರಿಂಜಿನ ದಂಡ ತೆಗೆದು, ಮೊದಲು ಮೂವತ್ತು ಮಿಲಿಲೀಟರ್ ನೀರು, ಆಮೇಲೆ ಸೋಸಿದ ಆಹಾರ ಇನ್ನೂರು ಮಿಲಿಲೀಟರ್, ಕೊನೆಗೆ ಮತ್ತೆ ಮೂವತ್ತು ನೀರು, ಎಲ್ಲವೂ ಒತ್ತದೆ ತಾನಾಗಿ ಇಳಿಯುವಂತೆ. ಈ ಪ್ರಮಾಣ ಅವಳ ತಾಯಿಗೆ ವೈದ್ಯರು ಹೇಳಿದ್ದು. ಪ್ರತಿ ರೋಗಿಗೂ ಬೇರೆ ಇರುತ್ತದೆ. ನಡುವೆ ಕೆಮ್ಮು ಬಂದರೆ, ಉಸಿರು ಕಟ್ಟಿದರೆ ತಕ್ಷಣ ನಿಲ್ಲಿಸಬೇಕು. ಕೊಟ್ಟ ಮೇಲೆ ಅರ್ಧದಿಂದ ಒಂದು ಗಂಟೆ ತಲೆ ಎತ್ತರದಲ್ಲಿಯೇ ಇರಬೇಕಾದ್ದರಿಂದ ಹತ್ತರ ಆಹಾರದ ಬೆನ್ನಿಗೇ ಮಗ್ಗುಲು ಬದಲಿಸಲು ಆಗುವುದಿಲ್ಲ, ಅವಳ ಹಾಳೆಯಲ್ಲಿ ಅದು ಹನ್ನೊಂದಕ್ಕೆ ಬಿದ್ದಿದ್ದು ಹೀಗೆ. ಗುಳಿಗೆಗಳನ್ನು ಪುಡಿ ಮಾಡಿ ನೀರಿನಲ್ಲಿ ಕರಗಿಸಿ ಹಾಕುತ್ತಾರೆ, ಆದರೆ ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಮದ್ದು ಒಂದೇ ಸಲ ಮೈಗೆ ಸೇರುತ್ತದೆ. ಗೆಳತಿಯ ಡಬ್ಬಿಯಲ್ಲಿ ಅಂಥದ್ದು ಒಂದಿತ್ತು. ನಾನು ಕೇಳಿದ ಮೇಲೆ ಅವಳು ವೈದ್ಯರನ್ನು ವಿಚಾರಿಸಿ ಬದಲಿ ಬರೆಸಿಕೊಂಡಳು. ಹೊಸಬರು ಕಲಿಯಲು ಕುಳಿತಾಗ ಕೇಳುವ ಪ್ರಶ್ನೆಗಳಿಂದ ಇಂಥ ಲಾಭವೂ ಆಗುತ್ತದೆ.

ಇವೆಲ್ಲದರ ನಡುವೆ ತಾಯಿಯ ಒಪ್ಪಿಗೆಯನ್ನು ಮರೆಯುವುದು ಸುಲಭ. ಮಾತು ಹೋಗಿದೆ ಎಂದರೆ ತಿಳಿವಳಿಕೆ ಹೋಗಿದೆ ಎಂದಲ್ಲ. ಡೈಪರ್ ಬದಲಿಸಲು ಮಗಳಲ್ಲದ ಇನ್ನೊಬ್ಬಳು ಬಂದಾಗ ಅವರ ಎಡಗೈ ಸೀರೆಯ ಅಂಚನ್ನು ಹುಡುಕುತ್ತಿತ್ತು, ಈಗ ಉಡುತ್ತಿದ್ದುದು ಗೌನ್ ಆಗಿದ್ದರೂ. “ಕಾಕು, ಇವತ್ತ ನಾನ ಇರ್ತೀನಿ, ಆಕಿ ಒಂದೀಟು ಮಲಕೊಳ್ಳಲಿ. ನಡೀತದಲಾ? ನಡೀತದ ಅಂದ್ರ ನನ್ನ ಕೈ ಒತ್ತರಿ,” ಎಂದು ಕೇಳಿ ಎಡಗೈ ಹಿಡಿದೆ. ಒತ್ತಿದರು. ಅಲ್ಲಿಂದ ಮುಂದೆ ಪ್ರತಿ ಸಲವೂ ಮುಟ್ಟುವ ಮೊದಲು ಏನು ಮಾಡುತ್ತೇನೆಂದು ಹೇಳಿಯೇ ಮುಟ್ಟುವ ಪದ್ಧತಿ ಇಟ್ಟುಕೊಂಡೆವು.

ಮೊದಲ ಶನಿವಾರ ಕೆಲಸ ಸರಿಯಾಗಿ ನಡೆಯಿತು, ಗೆಳತಿ ಮಾತ್ರ ಮಲಗಲಿಲ್ಲ. ಒಳಗಿನ ಕೋಣೆಯಲ್ಲಿದ್ದ ಅವಳು ಒಂದಕ್ಕೂ ಮೂರಕ್ಕೂ ತಾನಾಗಿ ಎದ್ದು ಬಾಗಿಲಲ್ಲಿ ನಿಂತಳು. ಎಷ್ಟೋ ತಿಂಗಳು ಕಿವಿಯನ್ನು ತಾಯಿಯ ಉಸಿರಿಗೆ ಕಟ್ಟಿಕೊಂಡವರಿಗೆ ಅದೇ ಮನೆಯಲ್ಲಿ, ಅದೇ ಗೋಡೆಯ ಆಚೆ ನಿದ್ರೆ ಬರುವುದಿಲ್ಲವೆಂಬುದು ಆಗ ಸ್ಪಷ್ಟವಾಯಿತು. ಮರುವಾರದಿಂದ ಅದಲುಬದಲು ಮಾಡಿದೆವು: ನಾನು ಅವರ ಮನೆಗೆ, ಅವಳು ನಮ್ಮ ಮನೆಗೆ. ಆಗಲೂ ಅವಳಿಗೆ ಧೈರ್ಯ ಬಂದದ್ದು ಒಂದು ಹಾಳೆಯಿಂದ. ಯಾವ ಯಾವ ಸಂದರ್ಭದಲ್ಲಿ ಅವಳನ್ನು ಎಬ್ಬಿಸಲೇಬೇಕು ಎಂಬುದನ್ನು ಅವಳ ಕೈಯಿಂದಲೇ ಬರೆಸಿದ್ದೆ: ಟ್ಯೂಬು ಹೊರಬಂದರೆ, ಉಸಿರಾಟ ವೇಗವಾದರೆ ಅಥವಾ ಗೊರಗೊರ ಸದ್ದು ಕೇಳಿದರೆ, ಜ್ವರ ಬಂದರೆ, ವಾಂತಿಯಾದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಮೈ ಅದುರಿದರೆ. ಟ್ಯೂಬು ಹೊರಬಂದರೆ ಮತ್ತೆ ತೂರಿಸುವುದು ನನ್ನ ಕೆಲಸವೂ ಅಲ್ಲ, ಅವಳದೂ ಅಲ್ಲ, ನರ್ಸಿನದು. ಹಾಳೆಯಲ್ಲಿ ಇಲ್ಲದ ಯಾವುದಕ್ಕೂ ಎಬ್ಬಿಸುವುದಿಲ್ಲ ಎಂಬ ಒಪ್ಪಂದವೂ ಆಯಿತು. ಫೋನ್ ಬಾರಿಸದಿದ್ದರೆ ಎಲ್ಲ ಸರಿಯಿದೆ ಎಂದರ್ಥ. ನಡುರಾತ್ರಿ “ಎಲ್ಲ ಆರಾಮ” ಎಂಬ ಸಂದೇಶ ಕಳಿಸಿದರೆ ಅದನ್ನು ನೋಡಲೆಂದೇ ಅವಳು ಎಚ್ಚರವಿರುತ್ತಿದ್ದಳು. ಆ ರಾತ್ರಿ ನಮ್ಮ ಮನೆಯಲ್ಲಿ ಅವಳು ಹತ್ತೂವರೆಗೆ ಮಲಗಿ, ಬೆಳಿಗ್ಗೆ ನನ್ನ ಗಂಡ ಚಹಾ ಇಟ್ಟು ಎಬ್ಬಿಸುವವರೆಗೆ ಎದ್ದಿರಲಿಲ್ಲ.

ವಾರಕ್ಕೊಂದು ರಾತ್ರಿ ಸಾಕೇ ಎಂದರೆ ಸಾಲದು. ಆದರೆ ಒಂದು ರಾತ್ರಿ ಮಲಗಿ ಎದ್ದವಳಿಗೆ ಉಳಿದ ಆರು ರಾತ್ರಿಗಳ ಬಗ್ಗೆ ಯೋಚಿಸುವ ತ್ರಾಣ ಬಂತು. ಅಣ್ಣನಿಗೆ ಇಷ್ಟು ದಿನ “ನನಗೆ ಸಾಕಾಗಿದೆ” ಎಂದು ಹೇಳುತ್ತಿದ್ದಳು, ಅವನು “ಧೈರ್ಯ ಬಿಡಬೇಡ” ಎನ್ನುತ್ತಿದ್ದ, ಇಬ್ಬರಿಗೂ ಬೇಸರವಾಗುತ್ತಿತ್ತು. ಈ ಸಲ ಆ ರಾತ್ರಿಗಳ ಹಾಳೆಯ ಫೋಟೋ ಕಳಿಸಿ, ವಾರಕ್ಕೆ ಮೂರು ರಾತ್ರಿ ಬ್ಯೂರೋದ ಮಾವಶಿಯನ್ನು ಇಡಬೇಕು, ಅದರ ಖರ್ಚು ಇಷ್ಟು, ಅದನ್ನು ನೀನು ಕೊಡಬೇಕು ಎಂದು ಬರೆದಳು. ಅವನು ಅಂದೇ ಒಪ್ಪಿಕೊಂಡ. ಇಂಥ ಸಂದೇಶವನ್ನು ಕುಳಿತು ಬರೆಯಲು ಗೆಳೆಯರು ನೆರವಾಗಬಹುದು, ಆದರೆ ಕಳಿಸುವ ಬೆರಳು ನೋಡಿಕೊಳ್ಳುವವರದೇ ಆಗಿರಬೇಕು. ಹೊರಗಿನವರು ನೇರವಾಗಿ ಅಣ್ಣನಿಗೆ ಫೋನ್ ಮಾಡಿದರೆ ಅದು ದೂರು ಹೇಳಿದಂತಾಗುತ್ತದೆ, ಆಮೇಲಿನ ಕಹಿಯನ್ನು ತಂಗಿಯೇ ಉಣ್ಣಬೇಕಾಗುತ್ತದೆ.

ಇದೇ ದಿನಗಳಲ್ಲಿ ಒಮ್ಮೆ ಅವಳು ಹೇಳಿದಳು: “ಒಮ್ಮೊಮ್ಮೆ ಅವ್ವ ಹೋಗಿಬಿಟ್ರ ಛಲೋ ಅನಿಸ್ತದ. ಆಮ್ಯಾಲೆ ನನ್ನ ಮ್ಯಾಲೆ ನನಗ ಅಸಹ್ಯ ಆಗ್ತದ.” ಇಂಥ ಮಾತಿಗೆ “ಛೇ, ಹಂಗ ಅನಬ್ಯಾಡ” ಎಂದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ದೀರ್ಘಕಾಲ ಆರೈಕೆ ಮಾಡುವವರಲ್ಲಿ ಈ ಯೋಚನೆ ಬರುವುದು ಸಾಮಾನ್ಯ, ಅದು ತಾಯಿಯ ಮೇಲಿನ ದ್ವೇಷವಲ್ಲ, ಈ ನರಳಾಟ ಮುಗಿಯಲಿ ಎಂಬ ಬಯಕೆ. ನಾನು ಹೇಳಿದ್ದು ಇಷ್ಟೇ: “ಅನಿಸ್ತದ. ಅನಿಸಿದ್ದಕ್ಕ ನೀ ಕೆಟ್ಟಾಕಿ ಆಗೂದಿಲ್ಲ.” ಆಮೇಲೆ ಸುಮ್ಮನೆ ಕುಳಿತೆ. ಆದರೆ ಗೆರೆ ಎಲ್ಲಿದೆಯೆಂಬುದನ್ನು ಗೆಳೆಯರು ಗಮನದಲ್ಲಿ ಇಟ್ಟುಕೊಳ್ಳಬೇಕು. ಮಾತು “ಅವ್ವ ಹೋಗಲಿ” ಎಂಬಲ್ಲಿಂದ “ನಾನೇ ಇರಬಾರದು” ಎಂಬಲ್ಲಿಗೆ ತಿರುಗಿದರೆ, ರೋಗಿಯನ್ನು ಒರಟಾಗಿ ಎಳೆಯುವುದು ಅಥವಾ ಹೊಡೆಯಲು ಕೈಯೆತ್ತುವುದು ಕಂಡರೆ, ಅವಕಾಶ ಸಿಕ್ಕ ರಾತ್ರಿಯೂ ನಿದ್ರೆ ಬಾರದೆ ವಾರಗಳು ಕಳೆದರೆ, ಅದು ಗೆಳೆತನ ಒಂದೇ ನಿಭಾಯಿಸುವ ದಣಿವಲ್ಲ. ತನ್ನನ್ನು ತಾನು ಮುಗಿಸಿಕೊಳ್ಳುವ ಮಾತು ಬಂದರೆ ಹಾಗೆ ಯೋಚಿಸುತ್ತಿದ್ದೀಯಾ ಎಂದು ನೇರವಾಗಿಯೇ ಕೇಳಬೇಕು, ಒಂಟಿಯಾಗಿ ಬಿಡಬಾರದು, ವೈದ್ಯರ ಬಳಿ ಜೊತೆಗೆ ಹೋಗಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಸಿಗುತ್ತದೆ. ಅಲ್ಲಿ ಆಯ್ದುಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ನನ್ನ ಗೆಳತಿಗೆ ಅದರ ಅಗತ್ಯ ಬೀಳಲಿಲ್ಲ, ಆದರೂ ಸಂಖ್ಯೆಯನ್ನು ಫ್ರಿಜ್ಜಿನ ಮೇಲೆ ಗುಳಿಗೆಗಳ ಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೆವು.

ಪಾಳಿ ವಹಿಸಿಕೊಂಡವರಿಗೆ ಒಂದು ಕಟ್ಟುಪಾಡು ಇರುತ್ತದೆ. ಬರಲಾಗುವುದಿಲ್ಲ ಎಂದು ಶನಿವಾರ ಸಂಜೆ ಏಳಕ್ಕೆ ತಿಳಿಸಿದರೆ, ವಾರವಿಡೀ ಆ ಒಂದು ರಾತ್ರಿಯ ಆಸೆಯಲ್ಲಿ ಕಾಲ ತಳ್ಳಿದವರಿಗೆ ಸಹಾಯವೇ ಇಲ್ಲದಿದ್ದುದಕ್ಕಿಂತ ಹೆಚ್ಚಿನ ಪೆಟ್ಟಾಗುತ್ತದೆ. ಆದ್ದರಿಂದ ಬರಲಾಗದಿದ್ದರೆ ಗುರುವಾರದೊಳಗೆ ಹೇಳುವುದು ಎಂದು ನಿಶ್ಚಯಿಸಿಕೊಂಡು, ಅವಳ ಕಚೇರಿಯ ಗೆಳತಿಯೊಬ್ಬಳಿಗೂ ಕೆಲಸ ಕಲಿಸಿದೆವು. ಅವಳು ಕಲ್ಯಾಣದಿಂದ ಬರಬೇಕು, ಪ್ರತಿ ವಾರ ಆಗುವುದಿಲ್ಲ, ಆದರೆ ನಾನು ಊರಿಗೆ ಹೋದಾಗ ಪಾಳಿ ಖಾಲಿ ಬೀಳಲಿಲ್ಲ.

ಕೆಲವು ತಿಂಗಳ ನಂತರ ನುಂಗುವ ಪರೀಕ್ಷೆ ಮಾಡಿ ಟ್ಯೂಬು ತೆಗೆದರು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು, ಹಾಗೆಯೇ ಗೆಳತಿಯ ದಿನ ಇನ್ನಷ್ಟು ಬಿಗಿಯಾಯಿತು. ಟ್ಯೂಬಿನಲ್ಲಿ ಕಾಲು ಗಂಟೆಗೆ ಮುಗಿಯುತ್ತಿದ್ದ ಆಹಾರ ಈಗ ಚಮಚದಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು: ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಮಂದವಾದ ಗಂಜಿಯನ್ನು ಸ್ವಾಧೀನವಿರುವ ಎಡಗಡೆಯಿಂದ ಅರ್ಧ ಚಮಚದಷ್ಟು ಕೊಟ್ಟು, ನುಂಗಿದ್ದು ಖಚಿತವಾದ ಮೇಲೆ ಇನ್ನರ್ಧ. ನುಂಗಿದ ನಂತರ ಗಂಟಲಿನಿಂದ ಒದ್ದೆಯಾದ, ಗುಳುಗುಳು ಸದ್ದು ಬಂದರೆ ಆಹಾರ ಶ್ವಾಸನಾಳದ ಕಡೆ ಜಾರುತ್ತಿದೆ ಎಂದು ತಿಳಿದು ನಿಲ್ಲಿಸಬೇಕು. ರಾತ್ರಿಗಳಲ್ಲಿ ಕೆಲವನ್ನು ಮಾವಶಿ ನೋಡಿಕೊಳ್ಳುತ್ತಿದ್ದರು, ಕಾಕು ತಾವೇ ಎಡಕ್ಕೆ ಸ್ವಲ್ಪ ಹೊರಳಲು ಕಲಿತಿದ್ದರು. ಹೊಸ ಹಾಳೆಯೊಂದನ್ನು ಬರೆದು ನೋಡಿದಾಗ ಅವಳಿಗೆ ಈಗ ಬಿಡುವೇ ಇಲ್ಲದ ಹೊತ್ತು ಭಾನುವಾರದ ಮಧ್ಯಾಹ್ನವೆಂದು ತಿಳಿಯಿತು, ಏಕೆಂದರೆ ಹಗಲಿನ ಮಾವಶಿಗೆ ಅಂದು ರಜೆ. ಶನಿವಾರದ ರಾತ್ರಿಯನ್ನು ಮಾವಶಿಗೆ ಬಿಟ್ಟು, ನಾನು ಭಾನುವಾರ ಹನ್ನೆರಡರಿಂದ ಐದರವರೆಗೆ ಹೋಗತೊಡಗಿದೆ. ಆ ಹೊತ್ತಿನಲ್ಲಿ ಅವಳು ಒಂದೊಂದು ವಾರ ಮಲಗುತ್ತಾಳೆ, ಒಂದೊಂದು ವಾರ ಮಾರುಕಟ್ಟೆಗೆ ಹೋಗುತ್ತಾಳೆ, ಏನು ಮಾಡಿದಳೆಂದು ನಾನು ವಿಚಾರಿಸುವುದಿಲ್ಲ.